ಅಂಕಿತವೂ ಮರೆಹೆಸರೂ: ಆಪ್ತರ ಊಹೆಗೆ ಸಿಕ್ಕದ ಹೆಸರನ್ನು ಕುರಿತು

ಕನ್ನಡದಲ್ಲಿ ಬರಹಗಾರರು ಇಟ್ಟುಕೊಂಡ ಹೆಸರುಗಳಲ್ಲಿ ಹೆಚ್ಚಿನವು ಮರೆಯಾಗಲು ಹುಟ್ಟಿದವಲ್ಲ. ವಚನಕಾರರ ಅಂಕಿತ ವಚನ ಯಾರದೆಂದು ತಿಳಿಸುವ ಮುದ್ರೆ. ಕೂಡಲಸಂಗಮದೇವ ಎಂದು ಕೇಳಿದೊಡನೆ ಬಸವಣ್ಣನೂ ಕಣ್ಣಿಗೆ ಬರುತ್ತಾನೆ, ಆ ಸಂಗಮದ ಊರೂ ಬರುತ್ತದೆ. ಇಪ್ಪತ್ತನೆಯ ಶತಮಾನದ ಕಾವ್ಯನಾಮಗಳೂ ಇದೇ ದಾರಿಯಲ್ಲಿ ನಡೆದವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಮೊದಲಕ್ಷರಗಳು ಕೂಡಿ ಕುವೆಂಪು ಆಯಿತು. ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟುಕೊಂಡು ಅಂಬಿಕಾತನಯದತ್ತರಾದರು. ಊರು, ತಾಯಿ, ದೇವರು, ಮೊದಲಕ್ಷರ, ಹೀಗೆ ತನ್ನವೆನಿಸಿದ್ದರ ಎಳೆಯೊಂದನ್ನು ಹೆಸರಿನೊಳಗೆ ನೇಯುವುದೇ ನಮ್ಮ ರೂಢಿ.

ಕಾಲೇಜಿನೊಳಗಿನ ಸಂಗತಿಗಳನ್ನು ಹೆಸರು ಹೇಳದೆ ಬರೆಯಹೊರಟ ವಿದ್ಯಾರ್ಥಿ ಈ ರೂಢಿಯನ್ನು ಅರಿಯದೆಯೇ ಅನುಸರಿಸುತ್ತಾನೆ, ಸಿಕ್ಕಿಬೀಳುವುದೂ ಅಲ್ಲಿಯೇ. ಅಂಕಿತಕ್ಕೆ ಗುಣವಾದದ್ದು ಮರೆಹೆಸರಿಗೆ ದೋಷ. ಈ ಲೇಖನದ ವಾದ ಇಷ್ಟೆ: ಆಪ್ತರಿಂದ ಮರೆಯಾಗಬೇಕಾದ ಹೆಸರನ್ನು ಬರೆಯುವವನು ತನ್ನ ಮನಸ್ಸಿನಿಂದ ಆರಿಸಬಾರದು.

ನಂದಳಿಕೆ ಲಕ್ಷ್ಮೀನಾರಾಯಣಪ್ಪನವರ ಉದಾಹರಣೆ ಇದಕ್ಕೆ ವಿರುದ್ಧವೆಂಬಂತೆ ತೋರಬಹುದು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಅವರು ತಮ್ಮ ಕೃತಿಗಳನ್ನು ಹಿಂದಿನ ಕವಿಯ ರಚನೆಗಳೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದರು, ವಿದ್ವಾಂಸರು ನಂಬಿದರು. ಆದರೆ ಮುದ್ದಣ ಎಂಬುದು ಎಳವೆಯಲ್ಲಿ ಮನೆಯವರು ಕರೆಯುತ್ತಿದ್ದ ಹೆಸರು. ಆ ಹೆಸರು ಮರೆಯಾಗಿ ಉಳಿದದ್ದಕ್ಕೆ ದೂರವೇ ಕಾರಣವೆಂದು ನನ್ನ ಎಣಿಕೆ. ನಂದಳಿಕೆಯ ಮನೆಯಲ್ಲಿ ಗೊತ್ತಿದ್ದದ್ದು ಮೈಸೂರಿನ ಓದುಗನಿಗೆ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಅಂಥ ದೂರ ಎಲ್ಲಿಂದ ಬರಬೇಕು? ಓದುವವನು ಪಕ್ಕದ ಮಂಚದಲ್ಲೇ ಮಲಗಿರುತ್ತಾನೆ.

ಊಹಿಸುವವರು ಎರಡು ಬಗೆ, ಅಪರಿಚಿತರು ಮತ್ತು ಆಪ್ತರು. ಅಪರಿಚಿತ ಜರಡಿ ಹಿಡಿಯುತ್ತಾನೆ. ಕಾಲೇಜಿನಲ್ಲಿ 2,000 ವಿದ್ಯಾರ್ಥಿಗಳಿದ್ದಾರೆ ಎನ್ನೋಣ. ಹೆಸರು ಹೆಣ್ಣಿನದು ಎಂದು ನಂಬಿದರೆ ಉಳಿದವರು ಸುಮಾರು 1,000. ಸಾಹಿತ್ಯ ಓದುವವರು ಹತ್ತರಲ್ಲಿ ಒಬ್ಬರೆಂದರೆ 100. ಮಲೆನಾಡಿನ ಕಡೆಯವರು ಐವರಲ್ಲಿ ಒಬ್ಬರೆಂದರೆ 20. ಮೂರು ಸುಳಿವು ಸಿಕ್ಕಿದರೂ ಅವನ ಕೈಯಲ್ಲಿ ಇನ್ನೂ ಇಪ್ಪತ್ತು ಜನ. ಆಪ್ತನ ಲೆಕ್ಕ ಶುರುವಾಗುವುದೇ ತಾನು ಬಲ್ಲ ನಲವತ್ತು ಜನರಿಂದ. ‘ಇದನ್ನು ಬರೆದವರು ನಮ್ಮಲ್ಲೇ ಯಾರೋ’ ಎಂದು ಅವನು ಆಧಾರವಿಲ್ಲದೆ ನಂಬುತ್ತಾನೆ, ದುರದೃಷ್ಟಕ್ಕೆ ನಮ್ಮ ಸಂದರ್ಭದಲ್ಲಿ ಅದು ನಿಜವೂ ಹೌದು. ಅದೇ ಮೂರು ಜರಡಿಗಳಲ್ಲಿ ನಲವತ್ತು ಇಪ್ಪತ್ತಾಗಿ, ಎರಡಾಗಿ, ಒಂದಕ್ಕಿಂತ ಕೆಳಗಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವನಿಗೆ ಜರಡಿಯ ಅಗತ್ಯವೇ ಇಲ್ಲದಿರಬಹುದು. ಎಂದೋ ಕೇಳಿದ ಒಂದು ಸಂಗತಿ ಹೆಸರನ್ನು ಕಂಡೊಡನೆ ನೆನಪಾದರೆ ಸಾಕು.

ಈ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿದವನು 1722ರ ಬಾಸ್ಟನ್ನಿನ ಹದಿನಾರರ ಹುಡುಗ ಬೆಂಜಮಿನ್ ಫ್ರಾಂಕ್ಲಿನ್. ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ ಅವನು ಕೆಲಸ ಕಲಿಯುತ್ತಿದ್ದ. ಅಣ್ಣನ ಪತ್ರಿಕೆ ‘ನ್ಯೂ ಇಂಗ್ಲೆಂಡ್ ಕೂರಾಂಟ್’ನಲ್ಲಿ ಬರೆಯುವ ಆಸೆ. ತನ್ನದೆಂದು ತಿಳಿದರೆ ಅಣ್ಣ ಅಚ್ಚುಹಾಕಲಾರನೆಂಬ ಅಳುಕು. ಕೈಬರಹ ಬದಲಿಸಿ ಬರೆದು, ರಾತ್ರಿ ಮುದ್ರಣಾಲಯದ ಬಾಗಿಲಡಿ ತೂರಿಸಿದ. ಮರುದಿನ ಅಣ್ಣನೂ ಗೆಳೆಯರೂ ಅದನ್ನು ಓದಿ ಮೆಚ್ಚಿ, ಬರೆದವರು ಯಾರಿರಬಹುದೆಂದು ಊಹಿಸುವುದನ್ನು ಅಲ್ಲೇ ನಿಂತು ಕೇಳಿದ. ಅವರು ಹೆಸರಿಸಿದ್ದು ಊರಿನ ಪಂಡಿತರನ್ನು. ಬಳಿಯಲ್ಲೇ ಇದ್ದ ಹುಡುಗ ಯಾರ ಎಣಿಕೆಗೂ ಬರಲಿಲ್ಲ.

ಅವನು ಇಟ್ಟ ಹೆಸರು ಸೈಲೆನ್ಸ್ ಡೂಗುಡ್. ಅದನ್ನು ಅವನು ತನ್ನ ಬಾಳಿನಿಂದ ಎತ್ತಿಕೊಳ್ಳಲಿಲ್ಲ. ಆ ಊರಿನ ಪ್ರಸಿದ್ಧ ಧರ್ಮೋಪದೇಶಕ ಕಾಟನ್ ಮೇದರ್ ಒಳಿತನ್ನು ಮಾಡುವ ಬಗ್ಗೆ ಪುಸ್ತಕ ಬರೆದಿದ್ದ, ಹೆಸರಿನಲ್ಲಿ ಅದರ ಅಣಕವಿದೆ. ಅಂದರೆ ಇಡೀ ಊರಿಗೆ ಗೊತ್ತಿದ್ದ ವಿಷಯದಿಂದ ಬಂದದ್ದು, ಆದ್ದರಿಂದ ಯಾರೊಬ್ಬನತ್ತಲೂ ಬೆರಳು ತೋರದು. ಹೆಸರಿನ ಹಿಂದಿನ ವ್ಯಕ್ತಿಯೂ ಅವನಿಗೆ ಎಲ್ಲ ಬಗೆಯಲ್ಲಿ ದೂರ: ನಡುವಯಸ್ಸಿನ ವಿಧವೆ, ಹಳ್ಳಿಯ ಪಾದ್ರಿಯ ಹೆಂಡತಿಯಾಗಿದ್ದವಳು, ಇಂಗ್ಲೆಂಡಿನಿಂದ ಬರುವ ಹಡಗಿನಲ್ಲಿ ಹುಟ್ಟಿದವಳು. ನಾಲ್ಕನೆಯ ಪತ್ರದಲ್ಲಿ ಅವಳು ಹಾರ್ವರ್ಡ್ ಕಾಲೇಜನ್ನು ಕನಸಿನ ರೂಪದಲ್ಲಿ ಗೇಲಿ ಮಾಡುತ್ತಾಳೆ. ವಿದ್ಯಾಮಂದಿರದ ಬಾಗಿಲಲ್ಲಿ ಸಿರಿತನ, ಬಡತನ ಎಂಬ ಇಬ್ಬರು ಕಾವಲುಗಾರರು ನಿಂತಿರುತ್ತಾರೆ. ಹಳ್ಳಿಯ ವಿಧವೆಗೆ ಕಾಲೇಜಿನ ಗೊಡವೆ ಏಕೆ ಎಂದು ಓದುಗ ಕೇಳಬಾರದಲ್ಲ. ಅದಕ್ಕಾಗಿ ಅವಳಿಗೊಬ್ಬ ಮಗ, ಅವನನ್ನು ಕಾಲೇಜಿಗೆ ಕಳಿಸಬೇಕೇ ಬೇಡವೇ ಎಂಬ ಚಿಂತೆ. ಆ ಚಿಂತೆಯೇ ಅವಳಿಗೆ ಮಾತಾಡುವ ಅಧಿಕಾರ ಕೊಡುತ್ತದೆ. ಮರೆಹೆಸರನ್ನು ಗೆಲ್ಲಿಸುವುದು ಇಂಥ ಸಣ್ಣ ಏರ್ಪಾಡು. ಆದರೂ ಒಂದು ಎಳೆ ಉಳಿದಿದೆ. ಮೊದಲ ಪತ್ರದಲ್ಲಿ ಅವಳು, ಬರೆದವನು ಪಂಡಿತನೋ ತೊಗಲಿನ ಮುಂಗವಚ ಕಟ್ಟಿದ ಕೆಲಸಗಾರನೋ ಎಂದು ತಿಳಿಯುವ ತನಕ ಜನ ಮೆಚ್ಚುವುದೂ ಇಲ್ಲ ತೆಗಳುವುದೂ ಇಲ್ಲ ಎಂದು ಹಂಗಿಸುತ್ತಾಳೆ. ಅದು ಕಸುಬು ಕಲಿಯುತ್ತಿದ್ದ ಹುಡುಗನ ಸ್ವಂತ ನೋವಿನ ಮಾತು. ಯಾರೂ ಗಮನಿಸಲಿಲ್ಲ, ಅಷ್ಟೆ.

ಎಚ್ಚರ ವಹಿಸಿದವರೂ ಹೆಸರಿನಲ್ಲಿ ತಮ್ಮದೊಂದು ಚೂರನ್ನು ಬಿಟ್ಟಿದ್ದಾರೆ. 1846ರಲ್ಲಿ ಷಾರ್ಲೆಟ್, ಎಮಿಲಿ, ಆನ್ ಬ್ರಾಂಟಿ ಸೋದರಿಯರು ಕರರ್, ಎಲ್ಲಿಸ್, ಆಕ್ಟನ್ ಬೆಲ್ ಎಂಬ ಹೆಸರುಗಳಲ್ಲಿ ಕವಿತೆ ಪ್ರಕಟಿಸಿದಾಗ, ಇಂಗ್ಲಿಷ್ ಕಾಗುಣಿತದಲ್ಲಿ ಮೂವರ ಮೊದಲಕ್ಷರವೂ ಮನೆತನದ ಮೊದಲಕ್ಷರವೂ ಹಾಗೇ ಉಳಿದವು. ರಾಬರ್ಟ್ ಗಾಲ್‌ಬ್ರೈತ್ ಎಂಬ ಹೆಸರಲ್ಲಿ ಪತ್ತೇದಾರಿ ಕಾದಂಬರಿ ಬರೆದ ಜೆ.ಕೆ. ರೌಲಿಂಗ್, ಗಾಲ್‌ಬ್ರೈತ್ ಎಂಬುದು ತಾನು ಎಳವೆಯಲ್ಲಿ ತನಗಾಗಿ ಕಟ್ಟಿಕೊಂಡಿದ್ದ ಕಲ್ಪನೆಯ ಹೆಸರಿನಿಂದ ಬಂದದ್ದೆಂದು ಆಮೇಲೆ ಹೇಳಿದರು. ಇವರು ಅಜಾಗರೂಕರಲ್ಲ. ಹೆಸರು ಇಷ್ಟವಾಗಬೇಕೆಂಬ ಹಂಬಲವೇ ಹೀಗೆ ಮಾಡಿಸುತ್ತದೆ, ಇಷ್ಟವಾಗುವುದೆಂದರೆ ಒಳಗಿನ ಯಾವುದಕ್ಕೋ ತಾಳೆಯಾಗುವುದು.

ಒಂದು ಕಲ್ಪಿತ ಉದಾಹರಣೆಯನ್ನು ಕೊನೆಯವರೆಗೆ ನೋಡೋಣ. ಕವನ ಎಂಬ ಹುಡುಗಿ, ಶಿರಸಿ ಕಡೆಯವಳು, ಧಾರವಾಡದಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಮೊದಲು ಹೊಳೆದ ಹೆಸರು ಶಾಲ್ಮಲಾ. ಧಾರವಾಡದ ಸೋಮೇಶ್ವರದಲ್ಲೂ ಆ ಹೆಸರಿನ ಹೊಳೆ ಹುಟ್ಟುವುದರಿಂದ ತನ್ನತ್ತ ಯಾರೂ ನೋಡರೆಂದು ಅವಳ ಸಮಾಧಾನ. ಅಪರಿಚಿತನಿಗೆ ಅದು ಧಾರವಾಡದ ಹೆಸರೇ ಸರಿ. ಆದರೆ ಶಿರಸಿಯ ಸಹಸ್ರಲಿಂಗದ ಹೊಳೆಯ ವಿಷಯವನ್ನು ಅವಳಿಂದಲೇ ನಾಲ್ಕು ಸಲ ಕೇಳಿದ ಗೆಳತಿಗೆ ಅದು ಕವನಳ ಹೆಸರು. ಎರಡನೆಯದು ತನ್ನ ಹೆಸರನ್ನು ತಿರುಗಿಸಿದ ‘ನವಕ’. ಕ-ಭಾಷೆ ಆಡಿ ಬೆಳೆದ ನಮ್ಮ ಮಕ್ಕಳಿಗೆ ಅಕ್ಷರ ಹಿಂದುಮುಂದು ಮಾಡಿ ಓದುವುದು ಆಟದ ಮಾತು. ಮೂರನೆಯದು ‘ಅನಾಮಿಕಾ’. ಇದರಲ್ಲಿ ಊರಿಲ್ಲ, ಅಕ್ಷರವಿಲ್ಲ, ಆದರೆ ಹೆಣ್ಣೆಂದು ಹೇಳಿ ಅರ್ಧ ಜನರನ್ನು ಒಂದೇಟಿಗೆ ಬಿಟ್ಟುಕೊಟ್ಟಿತು.

ಹಾಗಾದರೆ ಮಾಡುವುದೇನು? ಚೀಟಿ ಎತ್ತುವುದು. ಗ್ರಂಥಾಲಯದಲ್ಲಿ ತಾನೆಂದೂ ನಿಲ್ಲದ ಕಪಾಟಿನಿಂದ ನಾಲ್ಕಾರು ಹಳೆಯ ಪುಸ್ತಕ ತೆಗೆದು, ಅಲ್ಲಿ ಸಿಕ್ಕ ಮೂವತ್ತು ಸಾಧಾರಣ ಹೆಸರುಗಳನ್ನು ಚೀಟಿಯಲ್ಲಿ ಬರೆಯಬೇಕು. ಎತ್ತುವುದಕ್ಕೆ ಮೊದಲೇ ಯಾವ ಹೆಸರನ್ನು ಬಿಡಬೇಕೆಂಬ ನಿಯಮ ಬರೆದಿಡಬೇಕು: ಮನೆಯವರ, ಗೆಳೆಯರ ಹೆಸರಿರಬಾರದು, ಜಾತಿಯನ್ನೋ ಸೀಮೆಯನ್ನೋ ಸಾರುವ ಅಡ್ಡಹೆಸರಿರಬಾರದು, ಕಾಲೇಜಿನಲ್ಲಿ ಆ ಹೆಸರಿನವರು ಯಾರೂ ಇರಬಾರದು. ಕೊನೆಯದು ತಪ್ಪಿದರೆ ಏನೂ ಅರಿಯದ ಒಬ್ಬರ ತಲೆಗೆ ಬರುತ್ತದೆ. ನಿಯಮಕ್ಕೆ ಸಿಗದ ಹೆಸರು ಬಂದರೆ, ಇಷ್ಟವಿರಲಿ ಬಿಡಲಿ, ಅದನ್ನೇ ಇಟ್ಟುಕೊಳ್ಳಬೇಕು. ‘ಯಾಕೋ ಇದು ಒಗ್ಗಲಿಲ್ಲ’ ಎಂದು ಮತ್ತೆ ಮತ್ತೆ ಎತ್ತಿದರೆ ಚೀಟಿಯ ಹಿಂದಿನಿಂದ ಅವಳ ಮನಸ್ಸೇ ಆರಿಸಿದಂತಾಗುತ್ತದೆ. ಗೆಳತಿಗೆ ಹೆಸರು ಹೇಳಿ ‘ಇದು ಹೇಗಿದೆ’ ಎಂದು ಪರೀಕ್ಷಿಸುವುದೂ ಬೇಡ. ಆಕೆ ಅಂದು ಏನೂ ಅನ್ನದಿರಬಹುದು, ಎರಡು ತಿಂಗಳ ಮೇಲೆ ಅದೇ ಹೆಸರು ಕಂಡಾಗ ನೆನಪಾಗದೆ ಇರದು. ಹೆಸರಿಗೆಂದು ತೆರೆಯುವ ಮಿಂಚಂಚೆಗೂ ಹಳೆಯ ಖಾತೆಯ ಹೆಸರು, ತನ್ನ ಫೋನ್ ನಂಬರು ಸೇರಬಾರದು.

ಸದಾನಂದ ಎಂಬ ಚೀಟಿ ಬಂತೆನ್ನೋಣ. ಕವನ ಅವನನ್ನು ಸದಾನಂದ ಮಾಸ್ತರ ಮಾಡಿ, ಡೂಗುಡ್ ವಿಧವೆಗೆ ಮಗನಿದ್ದಂತೆ ಇವರಿಗೆ ಇದೇ ಕಾಲೇಜಿನಲ್ಲಿ ಓದುವ ಮೊಮ್ಮಗನನ್ನು ಕೊಡುತ್ತಾಳೆ. ಹಾಸ್ಟೆಲಿನ ಸಾರಿನ ಸುದ್ದಿ ಮಾಸ್ತರರಿಗೆ ಅವನಿಂದ ಬರುತ್ತದೆ. ಇಲ್ಲಿ ಕನ್ನಡ ಅವಳಿಗೆ ಒಂದು ಉಪಕಾರ ಮಾಡುತ್ತದೆ. ಹಿಂದಿಯಲ್ಲಿ ‘ನಾನು ಹೋದೆ’ ಎನ್ನುವಾಗಲೇ ಗಂಡೋ ಹೆಣ್ಣೋ ಹೇಳಿಬಿಡಬೇಕು, ನಮ್ಮ ಉತ್ತಮಪುರುಷ ಕ್ರಿಯಾಪದಕ್ಕೆ ಲಿಂಗವಿಲ್ಲ. ಕೈ ತಪ್ಪಿ ವ್ಯಾಕರಣದಲ್ಲಿ ಸಿಕ್ಕಿಬೀಳುವ ಭಯ ಅವಳಿಗಿಲ್ಲ. ಅಪಾಯ ಇರುವುದು ಪದಗಳಲ್ಲಿ. ಮಾಸ್ತರರು ಒಂದು ಕಡೆ ಕುಡಿಯುವುದಕ್ಕೆ ‘ಆಸರಿಗೆ’ ಎಂದುಬಿಟ್ಟರೆ ಹವ್ಯಕ ಮನೆಯ ಅಡುಗೆಕೋಣೆ ಕಾಣಿಸಿತೆಂದೇ ಅರ್ಥ. ಅದನ್ನು ಮುಚ್ಚಲು ಧಾರವಾಡದ ‘ಮಾಡಾಕತ್ತೀನಿ’ಯನ್ನು ಎರವಲು ತಂದರೆ ಇನ್ನೂ ಕಷ್ಟ, ಅಲ್ಲಿಯವರಿಗೆ ನಾಲ್ಕನೆಯ ಸಾಲಿನಲ್ಲೇ ಅದು ಕಲಿತ ಮಾತೆಂದು ತಿಳಿಯುತ್ತದೆ. ಬಣ್ಣವಿಲ್ಲದ ಗ್ರಾಂಥಿಕ ಕನ್ನಡವೇ ಮೇಲು. ನಿವೃತ್ತ ಮಾಸ್ತರರಿಗೆ ಅದು ಸಹಜವೂ ಹೌದು.

ನುಡಿಗಟ್ಟು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅಮೆರಿಕದ ಅಪರಾಧ ಚರಿತ್ರೆಯಲ್ಲಿ ಕಠೋರವಾದ ಸಾಕ್ಷ್ಯವಿದೆ. 1995ರಲ್ಲಿ ಬಾಂಬ್ ಕಳಿಸುತ್ತಿದ್ದವನ ಹೆಸರಿಲ್ಲದ ದೀರ್ಘ ಪ್ರಬಂಧ ಪತ್ರಿಕೆಯಲ್ಲಿ ಅಚ್ಚಾದಾಗ, ಅದರ ವಿಚಾರ ಮತ್ತು ಮಾತಿನ ಧಾಟಿಯಲ್ಲಿ ತನ್ನ ಅಣ್ಣನನ್ನು ಕಂಡವನು ಟೆಡ್ ಕಜಿನ್‌ಸ್ಕಿಯ ಒಡಹುಟ್ಟಿದ ತಮ್ಮ. ವರ್ಷಗಟ್ಟಲೆ ಹುಡುಕಿದ ಪೊಲೀಸರಿಗೆ ಸಿಗದವನು ಮನೆಯವರ ಕಿವಿಗೆ ಸಿಕ್ಕ. ಅಳೆಯುವ ವಿಧಾನಗಳೂ ಇವೆ. 1964ರಲ್ಲಿ ಮೋಸ್ಟೆಲರ್ ಮತ್ತು ವಾಲೇಸ್ ಪಬ್ಲಿಯಸ್ ಎಂಬ ಒಂದೇ ಹೆಸರಿನ ಮರೆಯ ಫೆಡರಲಿಸ್ಟ್ ಲೇಖನಗಳಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್‌ರನ್ನು ಬೇರ್ಪಡಿಸಿದ್ದು ‘ಅಪಾನ್’ನಂಥ ಪುಟ್ಟ ಪದಗಳ ಎಣಿಕೆಯಿಂದ. ಆದರೆ ಗೆಳೆಯರು ಪದ ಎಣಿಸುವುದಿಲ್ಲ. ಅವರು ನೆನಪಿಟ್ಟುಕೊಂಡಿರುವುದು ನಾವು ದಿನಕ್ಕೆ ಹತ್ತು ಸಲ ಆಡುವ ತಮಾಷೆಯನ್ನು, ನಿನ್ನೆ ಊಟದ ಹೊತ್ತಿನಲ್ಲಿ ಹೇಳಿದ ದೂರನ್ನು. ಬರೆದದ್ದನ್ನು ಅಂದೇ ಹೊರಬಿಡದೆ ಎರಡು ವಾರ ಇಟ್ಟುಕೊಳ್ಳುವುದರಿಂದ, ಬಾಯಲ್ಲಿ ಆಡಿದ ಮಾತನ್ನು ಬರಹದಿಂದ ಹೊಡೆದುಹಾಕುವುದರಿಂದ ಈ ನೆನಪಿನ ಕೊಂಡಿ ಬಹುಮಟ್ಟಿಗೆ ಸಡಿಲವಾಗುತ್ತದೆ.

ಹೆಸರಿನ ಶಕ್ತಿ ಇಲ್ಲಿಗೆ ಮುಗಿಯುತ್ತದೆ. 2013ರಲ್ಲಿ ಗಾಲ್‌ಬ್ರೈತ್ ಯಾರೆಂಬುದು ಹೊರಬಿದ್ದಾಗ ಬರಹದ ಶೈಲಿಯನ್ನು ಅಳೆದದ್ದು ಹೌದು, ಆದರೆ ಅದು ಸಂಶಯವನ್ನು ಬಲಪಡಿಸಲು. ಗುಟ್ಟು ಸೋರಿದ್ದು ವಕೀಲರ ಸಂಸ್ಥೆಯ ಒಬ್ಬರು ಹೆಂಡತಿಯ ಗೆಳತಿಗೆ ಹೇಳಿದ್ದರಿಂದ. ಫ್ರಾಂಕ್ಲಿನ್ ಯಾರಿಗೂ ಹೇಳಲಿಲ್ಲ. ಏಪ್ರಿಲಿನಿಂದ ಅಕ್ಟೋಬರಿನ ತನಕ ಹದಿನಾಲ್ಕು ಪತ್ರಗಳು ಬಂದವು. ಬರೆಯಲು ಸರಕು ಮುಗಿದ ಮೇಲೆ ಬರೆದವನು ತಾನೆಂದು ಅವನೇ ಹೇಳಿಕೊಂಡ. ಅಣ್ಣನ ಗೆಳೆಯರು ಅವನನ್ನು ಅಂದಿನಿಂದ ಸ್ವಲ್ಪ ಗೌರವದಿಂದ ನೋಡತೊಡಗಿದರು, ಅಣ್ಣನಿಗೆ ಮಾತ್ರ ಅದು ಹಿಡಿಸಲಿಲ್ಲ.