ಹವಾಮಾನ ಮಾಪನದಲ್ಲಿ ಫಿಕ್ಸೆಡ್ ಪಾಯಿಂಟ್ ಲೆಕ್ಕ: ಭಿನ್ನಾಂಶ ಕತ್ತರಿಸುವುದರಿಂದ ಬರುವ ಏಕಮುಖ ದೋಷ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಕೊಪ್ಪಳ ಜಿಲ್ಲೆಯ ಹುಲಿಹೈದರದಂಥ ಒಣಭೂಮಿ ಹೋಬಳಿಯಲ್ಲಿ ಇಂಥ ಅಂಕಿಗಳ ಮೇಲೆ ರೈತನ ಹಣವೇ ನಿಂತಿರುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಮಳೆ ಮತ್ತು ಉಷ್ಣಾಂಶ ನಿಗದಿತ ಮಿತಿ ದಾಟಿದವೋ ಇಲ್ಲವೋ ಎಂಬುದರಿಂದಲೇ ಪರಿಹಾರ ತೀರ್ಮಾನವಾಗುತ್ತದೆ. ಅಂಥ ಊರಿಗಾಗಿ ಕಾಲೇಜಿನಲ್ಲೋ ಹೊಲದಲ್ಲೋ ಅಗ್ಗದ ಮಾಪಕ ಕಟ್ಟುವವರು ಸಾಮಾನ್ಯವಾಗಿ ಬಳಸುವುದು ಎಟಿಮೆಗಾ328ಪಿ ಎಂಬ ಎಂಟು ಬಿಟ್‌ನ ಮೈಕ್ರೋಕಂಟ್ರೋಲರ್. ಪ್ರಸ್ತುತ ಲೇಖನ ಪರಿಶೀಲಿಸುವುದು ಅದರ ಮೇಲೆ ನಡೆಯುವ ಎರಡು ಲೆಕ್ಕಗಳನ್ನು.

ಈ ಚಿಪ್‌ನಲ್ಲಿ ದಶಮಾಂಶ ಸಂಖ್ಯೆಗಳನ್ನು ನೇರವಾಗಿ ಕೂಡಿ ಗುಣಿಸುವ ಫ್ಲೋಟಿಂಗ್ ಪಾಯಿಂಟ್ ಘಟಕವಿಲ್ಲ. ಸಾಫ್ಟ್‌ವೇರ್‌ನಿಂದ ಆ ಕೆಲಸ ಮಾಡಿಸಬಹುದು, ಆದರೆ ಅದಕ್ಕೆ ಸಮಯವೂ ಮೆಮೊರಿಯೂ ಹೆಚ್ಚು ಬೇಕು. ಚಿಪ್‌ನಲ್ಲಿರುವ ರ‍್ಯಾಮ್ 2 ಕಿಲೋಬೈಟ್ ಮಾತ್ರ. ಆದ್ದರಿಂದ ಸಂಖ್ಯೆಯನ್ನು 256ರಿಂದ ಗುಣಿಸಿ ಪೂರ್ಣಾಂಕವಾಗಿ ಇಟ್ಟುಕೊಳ್ಳುವುದು ರೂಢಿ. ಇದೇ ಫಿಕ್ಸೆಡ್ ಪಾಯಿಂಟ್. ದಶಮಾಂಶ ಬಿಂದು ಎಲ್ಲಿದೆ ಎಂಬುದು ಬರೆದವನ ಮನಸ್ಸಿನಲ್ಲಿ ಮಾತ್ರ ಇರುತ್ತದೆ, ಚಿಪ್‌ಗೆ ಗೊತ್ತಿರುವುದಿಲ್ಲ.

ಮೊದಲು ಮಳೆಯ ಲೆಕ್ಕ. ಮಾಪಕದ ಪುಟ್ಟ ಬಟ್ಟಲು 0.2 ಮಿ.ಮೀ. ಮಳೆಗೆ ಒಮ್ಮೆ ಮಗುಚುತ್ತದೆ ಎಂದುಕೊಳ್ಳೋಣ. 0.2ನ್ನು 256ರಿಂದ ಗುಣಿಸಿದರೆ 51.2, ಇಟ್ಟುಕೊಳ್ಳಲಾಗುವುದು 51. ಪ್ರತಿ ಸಲ ಬಟ್ಟಲು ಮಗುಚಿದಾಗ 51 ಕೂಡುತ್ತ ಹೋದರೆ, 500 ಮಿ.ಮೀ. ಮಳೆಗೆ, ಅಂದರೆ 2,500 ಸಲಕ್ಕೆ, ಮೊತ್ತ 1,27,500 ಆಗುತ್ತದೆ. 256ರಿಂದ ಭಾಗಿಸಿದರೆ ಸುಮಾರು 498.05 ಮಿ.ಮೀ. ಎರಡು ಮಿಲಿಮೀಟರಿನಷ್ಟು ಮಳೆ ಲೆಕ್ಕದಲ್ಲೇ ಇಂಗಿಹೋಯಿತು. 51.2ಕ್ಕೆ ಹತ್ತಿರದ ಪೂರ್ಣಾಂಕವೂ 51 ಆಗಿರುವುದರಿಂದ ಇಲ್ಲಿ ಸರಿಯಾದ ರೌಂಡಿಂಗ್ ಕೂಡ ನೆರವಿಗೆ ಬಾರದು. 1991ರ ಫೆಬ್ರವರಿ 25ರಂದು ದಹರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ವಿಫಲವಾಗಿ 28 ಸೈನಿಕರು ಸತ್ತದ್ದರ ಮೂಲವೂ ಇದೇ ಬಗೆಯದು. ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ಬಿಟ್‌ಗೆ ಕತ್ತರಿಸಿದ್ದರಿಂದ, ಸುಮಾರು 100 ಗಂಟೆಯಲ್ಲಿ ಗಡಿಯಾರ 0.34 ಸೆಕೆಂಡ್ ತಪ್ಪಿತ್ತು. ಮಳೆಮಾಪಕದಲ್ಲಿ ಪರಿಹಾರ ಸುಲಭ: ಬಟ್ಟಲು ಮಗುಚಿದ ಸಂಖ್ಯೆಯನ್ನಷ್ಟೇ ಎಣಿಸಿ, ತೋರಿಸುವಾಗ ಒಂದೇ ಸಲ ಎರಡರಿಂದ ಗುಣಿಸಿ ಹತ್ತರಿಂದ ಭಾಗಿಸಬೇಕು.

ಉಷ್ಣಾಂಶದ ಲೆಕ್ಕದಲ್ಲಿ ದೋಷ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಎಲ್ಎಂ35 ಸೆನ್ಸರ್ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಚಿಪ್‌ನ 1.1 ವೋಲ್ಟ್ ಆಂತರಿಕ ರೆಫರೆನ್ಸ್ ಬಳಸಿ 10 ಬಿಟ್‌ನಲ್ಲಿ ಓದಿದರೆ ಒಂದು ಮೆಟ್ಟಿಲು ಸುಮಾರು 0.107 ಡಿಗ್ರಿ. ಓದಿದ ಬೆಲೆಯ ಏರಿಳಿತ ತಗ್ಗಿಸಲು ಬಹುತೇಕರು ಹೀಗೆ ಬರೆಯುತ್ತಾರೆ:

```c
y += (x - y) >> 4;
```

ಬೆಳಿಗ್ಗೆ 30 ಡಿಗ್ರಿಗೆ `y` 279 ಇತ್ತು, ಮಧ್ಯಾಹ್ನ 40 ಡಿಗ್ರಿಗೆ `x` 372 ಆಯಿತು ಎನ್ನೋಣ. ವ್ಯತ್ಯಾಸ 93, ನಾಲ್ಕು ಬಿಟ್ ಬಲಕ್ಕೆ ಸರಿಸಿದರೆ 5. `y` ಐದೈದಾಗಿ, ಆಮೇಲೆ ನಾಲ್ಕು, ಮೂರು, ಎರಡು, ಒಂದಾಗಿ ಏರುತ್ತದೆ. ವ್ಯತ್ಯಾಸ 15ಕ್ಕೆ ಇಳಿದ ಕೂಡಲೇ ಸರಿಸಿದ ಫಲ ಸೊನ್ನೆ. `y` 357ರಲ್ಲೇ ನಿಂತುಬಿಡುತ್ತದೆ, ಅಂದರೆ ಸುಮಾರು 38.4 ಡಿಗ್ರಿ. ಎಷ್ಟು ಹೊತ್ತು ಕಾದರೂ ಅದು 40 ಮುಟ್ಟದು.

ರಾತ್ರಿ ಉಷ್ಣಾಂಶ ಇಳಿದಾಗ ನಡೆಯುವುದೇ ಬೇರೆ. ಎವಿಆರ್ ಕಂಪೈಲರ್ ಋಣಸಂಖ್ಯೆಯನ್ನು ಬಲಕ್ಕೆ ಸರಿಸುವಾಗ ಚಿಹ್ನೆಯನ್ನು ಉಳಿಸಿಕೊಂಡು ಕೆಳಕ್ಕೆ ಕತ್ತರಿಸುತ್ತದೆ: −1ನ್ನು ಸರಿಸಿದರೂ −1 ಬರುತ್ತದೆ. ಹಾಗಾಗಿ `y` ಇಳಿದು ಸರಿಯಾದ ಬೆಲೆಯನ್ನೇ ತಲುಪುತ್ತದೆ. ಗರಿಷ್ಠ ಉಷ್ಣಾಂಶ ಸುಮಾರು ಒಂದೂವರೆ ಡಿಗ್ರಿ ಕಡಿಮೆ, ಕನಿಷ್ಠ ಮಾತ್ರ ನಿಖರ. ಬೆಳಗಿನ ತಂಪಿನಲ್ಲಿ ಥರ್ಮಾಮೀಟರ್ ಜೊತೆ ಹೋಲಿಸಿ ಮಾಪಕವನ್ನು ಪಾಸು ಮಾಡಿದವರಿಗೆ ಮಧ್ಯಾಹ್ನದ ದೋಷ ಗೊತ್ತೇ ಆಗುವುದಿಲ್ಲ. ಬಲಕ್ಕೆ ಸರಿಸುವ ಬದಲು 16ರಿಂದ ಭಾಗಿಸಿದರೆ ಸಿ ಭಾಷೆ ಸೊನ್ನೆಯತ್ತ ಕತ್ತರಿಸುತ್ತದೆ. ಆಗ ಏರುವಾಗ ಹದಿನೈದು ಮೆಟ್ಟಿಲು ಕೆಳಗೆ, ಇಳಿಯುವಾಗ ಹದಿನೈದು ಮೆಟ್ಟಿಲು ಮೇಲೆ ಸಿಕ್ಕಿಬೀಳುತ್ತದೆ. ಸೆನ್ಸರ್‌ನ ಸಹಜ ತುಯ್ದಾಟ ಇದನ್ನು ಸರಿಪಡಿಸೀತು ಎಂದು ನಂಬುವಂತಿಲ್ಲ. ಒಂದೆರಡು ಮೆಟ್ಟಿಲಿನ ತುಯ್ದಾಟ ಒಂದೆರಡು ಮೆಟ್ಟಿಲನ್ನಷ್ಟೇ ಮರಳಿ ಕೊಡುತ್ತದೆ.

ಕತ್ತರಿಸಿದ ಭಾಗವನ್ನು ಎಸೆಯದೆ ಉಳಿಸಿಕೊಳ್ಳುವುದೇ ಸರಿಯಾದ ದಾರಿ:

```c
acc += x - (acc >> 4);
y = acc >> 4;
```

`acc` ಹದಿನಾರು ಪಟ್ಟು ದೊಡ್ಡ ಬೆಲೆಯನ್ನು ಹೊತ್ತಿರುವುದರಿಂದ ಒಂದೊಂದು ಸಣ್ಣ ವ್ಯತ್ಯಾಸವೂ ಅದರಲ್ಲಿ ಜಮೆಯಾಗುತ್ತದೆ. `y` ಏರುವಾಗಲೂ ಇಳಿಯುವಾಗಲೂ ಸರಿಯಾಗಿ `x` ಮುಟ್ಟುತ್ತದೆ. ಗರಿಷ್ಠ ಬೆಲೆ 1023 × 16 = 16,368; ಹದಿನಾರು ಬಿಟ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ. ಆದರೆ ಇದೇ ವಿಧಾನದಲ್ಲಿ ಏಳು ಬಿಟ್ ಸರಿಸಹೊರಟರೆ 1,30,944 ಆಗಿ ಉಕ್ಕಿ ಹರಿಯುತ್ತದೆ, ಆಗ 32 ಬಿಟ್ ಬೇಕೇ ಬೇಕು.

ಇಂಥ ಮಾಪಕವನ್ನು ಹೊಲಕ್ಕೆ ಒಯ್ಯುವ ಮುನ್ನ ಒಂದೇ ಬೆಲೆಗೆ ಒಮ್ಮೆ ಕೆಳಗಿನಿಂದ, ಒಮ್ಮೆ ಮೇಲಿನಿಂದ ತಂದು ನಿಲ್ಲಿಸಿ ನೋಡಬೇಕು. ಎರಡೂ ಸಲ ಉತ್ತರ ಒಂದೇ ಬಾರದಿದ್ದರೆ ಸೆನ್ಸರ್ ಬದಲಿಸುವ ಮೊದಲು ಬಲಕ್ಕೆ ಸರಿಸುವ ಆ ಸಾಲನ್ನು ಪರೀಕ್ಷಿಸಿ.