ಶೇಕಡಾ 95, ಆದರೆ ಯಾವುದರಲ್ಲಿ?

ಅರಿಶಿನದ ಕ್ಯಾಪ್ಸೂಲ್ ಡಬ್ಬಿ ಬೆಂಗಳೂರಿನ ಮಾಲಿಂದ ಸೂಲಿಬೆಲೆಯ ಮನೆಗಳ ತನಕ ಬಂದಿದೆ. ಮೊಣಕಾಲು ನೋವಿನ ಅಮ್ಮನಿಗೆ ಮಗ ತಂದುಕೊಡೋದೂ ಅದನ್ನೇ. ಡಬ್ಬಿಯ ಮೇಲೆ ಸಾಮಾನ್ಯವಾಗಿ ಮೂರು ಅಂಕಿ ಇರುತ್ತೆ: 500 ಮಿಲಿಗ್ರಾಂ ಅರಿಶಿನ ಸಾರ, 95% ಕರ್ಕ್ಯುಮಿನಾಯ್ಡ್, 5 ಮಿಲಿಗ್ರಾಂ ಪೈಪರಿನ್. ಜೊತೆಗೆ ದೊಡ್ಡ ಅಕ್ಷರದಲ್ಲಿ, 2000% ಹೆಚ್ಚು ಹೀರಿಕೆ. ಈ ಅಂಕಿಗಳೆಲ್ಲ ಒಂದೇ ಕಡೆಯಿಂದ ಬಂದವಲ್ಲ.

ಮೊದಲು 95%. ಅರಿಶಿನದ ಹಳದಿ ಅಂಶವನ್ನು ಯುರೋಪಿನಲ್ಲಿ ಬೇರ್ಪಡಿಸಿದ್ದು 1815ರಲ್ಲಿ, ಅದರ ರಚನೆ ತಿಳಿದದ್ದು 1910ರಲ್ಲಿ. ಆಮೇಲೆ ಗೊತ್ತಾಯ್ತು, ಆ ಹಳದಿ ಒಂದೇ ವಸ್ತುವಲ್ಲ, ಒಂದೇ ಕುಟುಂಬದ ಮೂರು ವಸ್ತುಗಳು. ಕರ್ಕ್ಯುಮಿನ್ ಹಿರಿಯಣ್ಣ, ಉಳಿದಿಬ್ಬರು ತಮ್ಮಂದಿರು. ಮೂವರಿಗೂ ಸೇರಿ ಕರ್ಕ್ಯುಮಿನಾಯ್ಡ್ ಎಂಬ ಮನೆತನದ ಹೆಸರು. ಅಡುಗೆಮನೆಯ ಅರಿಶಿನ ಪುಡಿಯಲ್ಲಿ ಇವು ಸುಮಾರು 3%. ಕಾರ್ಖಾನೆಯಲ್ಲಿ ಆ ಪುಡಿಯನ್ನು ಅಸಿಟೋನ್, ಈಥೈಲ್ ಅಸಿಟೇಟ್‌ನಂಥ ದ್ರಾವಕದಲ್ಲಿ ನೆನೆಸಿ, ಎಣ್ಣೆ ಬೇರೆ ಮಾಡಿ, ಹರಳು ಕಟ್ಟಿಸಿದಾಗ ಸಿಗೋದು 95% ಸಾರ.

ಈಗ ಲೆಕ್ಕ ಹಾಕಿ. 500 ಮಿಲಿಗ್ರಾಂ ಸಾರದಲ್ಲಿ 475 ಮಿಲಿಗ್ರಾಂ ಕರ್ಕ್ಯುಮಿನಾಯ್ಡ್. ಅದರಲ್ಲಿ ಮುಕ್ಕಾಲು ಪಾಲು, ಅಂದರೆ ಸುಮಾರು 360 ಮಿಲಿಗ್ರಾಂ ಮಾತ್ರ ಕರ್ಕ್ಯುಮಿನ್. ಅಡುಗೆ ಪುಡಿಯಲ್ಲೇ ಆ 475 ಬೇಕು ಅಂದರೆ ಸುಮಾರು 16 ಗ್ರಾಂ ತಿನ್ನಬೇಕು, ಐದು ಟೀ ಚಮಚದಷ್ಟು. ಇನ್ನೊಂದು ಡಬ್ಬಿಯಲ್ಲಿ "ಅರಿಶಿನ 1000 ಮಿಲಿಗ್ರಾಂ" ಎಂದಷ್ಟೇ ಇದ್ದು, ಕೆಳಗೆ ಸಣ್ಣದಾಗಿ "50 ಮಿಲಿಗ್ರಾಂ ಸಾರ (95%), ಉಳಿದದ್ದು ಪುಡಿ" ಅಂತಿದ್ದರೆ? ಸಾರದಿಂದ 47.5, ಪುಡಿಯ 950ರಿಂದ ಸುಮಾರು 28, ಒಟ್ಟು 76 ಮಿಲಿಗ್ರಾಂ. ಮುಂದಿನ ಅಂಕಿ ದುಪ್ಪಟ್ಟು, ಒಳಗಿನ ಸರಕು ಆರನೇ ಒಂದು ಪಾಲು. ಶೇಕಡಾ ಬರೆಯದ ಸಾರಕ್ಕಂತೂ ಲೆಕ್ಕ ಹಾಕೋಕೇ ಆಗಲ್ಲ.

ಇನ್ನು 2000%. ಇದು ನಮ್ಮೂರಿನ ಕತೆ. ಹೊಸಕೋಟೆ ದಾಟಿ ಬೆಂಗಳೂರಿಗೆ ಬಂದರೆ ಸಿಗುವ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಜಿ. ಶೋಬಾ ಮತ್ತು ಸಂಗಡಿಗರು ಮಾಡಿದ ಅಧ್ಯಯನ 1998ರಲ್ಲಿ 'ಪ್ಲಾಂಟಾ ಮೆಡಿಕಾ' ಪತ್ರಿಕೆಯಲ್ಲಿ ಬಂತು. ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಸಿಕ್ಕಿದ್ದು ತೀರಾ ಅತ್ಯಲ್ಪ, ಕೆಲವೊಮ್ಮೆ ಅಳತೆಗೇ ಸಿಗಲಿಲ್ಲ. ಕರುಳು ಮತ್ತು ಯಕೃತ್ತು ಅದಕ್ಕೆ ಸಕ್ಕರೆಯ ಗುಂಪೊಂದನ್ನು ಅಂಟಿಸಿ ಹೊರಗೆ ಸಾಗಿಸಿಬಿಡುತ್ತವೆ. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ, ಕೊಟ್ಟಾಗ ಮೊದಲ ಒಂದು ಗಂಟೆಯೊಳಗೆ ಮಟ್ಟ ಏರಿತು. ಲೆಕ್ಕದಲ್ಲಿ 2000% ಹೆಚ್ಚಳ. ಆ ಅಂಟಿಸುವ ಕೆಲಸವನ್ನೇ ಪೈಪರಿನ್ ತಡೆಯುತ್ತೆ. ಅದೇ ಪ್ರಬಂಧದಲ್ಲಿ ಇಲಿಗಳಲ್ಲಿ ಸಿಕ್ಕ ಹೆಚ್ಚಳ 154%. ಡಬ್ಬಿ ಮೇಲೆ ಅದು ಕಾಣಲ್ಲ.

2 ಗ್ರಾಂಗೆ 20 ಮಿಲಿಗ್ರಾಂ ಅಂದರೆ ನೂರಕ್ಕೊಂದು. 500ಕ್ಕೆ 5 ಕೂಡ ನೂರಕ್ಕೊಂದೇ. ನಿಮ್ಮ ಡಬ್ಬಿಯ 5 ಮಿಲಿಗ್ರಾಂ ಈ ಅನುಪಾತವನ್ನೇ ಹೇಳುತ್ತೆ. ಆದರೆ ಜನರಲ್ಲಿ ಪರೀಕ್ಷೆಯಾದ ಪ್ರಮಾಣ ಅದರ ನಾಲ್ಕು ಪಟ್ಟು. ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಮುಹಮ್ಮದ್ ಮಜೀದ್ ಅವರ ಹೆಸರಲ್ಲಿ, ಪೋಷಕಾಂಶಗಳ ಹೀರಿಕೆಗೆ ಪೈಪರಿನ್ ಬಳಸುವ ಬಗ್ಗೆ ಅಮೆರಿಕದ ಪೇಟೆಂಟ್ ಇತ್ತು ಅನ್ನೋದನ್ನೂ ಓದುವಾಗ ನೆನಪಿಡಬೇಕು. ಮತ್ತೆ, ಹೆಚ್ಚುಕಡಿಮೆ ಸೊನ್ನೆಯಿಂದ ಹೊರಟರೆ ಇಪ್ಪತ್ತು ಪಟ್ಟು ಆದಮೇಲೂ ಅದು ಚಿಕ್ಕ ಅಂಕಿಯೇ. ಆ ಅಧ್ಯಯನ ಅಳೆದದ್ದು ರಕ್ತದ ಮಟ್ಟ, ಮೊಣಕಾಲಿನ ನೋವಲ್ಲ.

ಪೈಪರಿನ್ ತಡೆಯೋದು ಕರ್ಕ್ಯುಮಿನ್ನಿನ ಹಾದಿಯನ್ನು ಮಾತ್ರ ಅಲ್ಲ ಅನ್ನೋದೇ ಅಸಲಿ ವಿಷಯ. ಅದು ಬೇರೆ ಔಷಧಿಗಳ ಹೀರಿಕೆಯನ್ನೂ ಹೆಚ್ಚಿಸುತ್ತೆ ಅಂತ ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು ಈ ಅಧ್ಯಯನಕ್ಕೂ ಮುಂಚೆಯೇ ತೋರಿಸಿದ್ದರು. ಪ್ರೊಪ್ರನೊಲೊಲ್, ಥಿಯೋಫಿಲಿನ್ ಅದರಲ್ಲಿದ್ದವು. ಅಂದಮೇಲೆ ಬಿಪಿ, ಫಿಟ್ಸ್, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳೋ ಅಮ್ಮನಿಗೆ ಆ 5 ಮಿಲಿಗ್ರಾಂ ಸುಮ್ಮನೆ ಮಸಾಲೆಯಲ್ಲ. ಅಮೆರಿಕದ ಔಷಧ-ಯಕೃತ್ ಜಾಲದ ವೈದ್ಯರು ಅರಿಶಿನ ಪೂರಕದಿಂದ ಯಕೃತ್ತಿಗೆ ಪೆಟ್ಟಾದ 10 ಮಂದಿಯ ವರದಿ ಪ್ರಕಟಿಸಿದ್ದಾರೆ. ಪರೀಕ್ಷಿಸಿದ ಡಬ್ಬಿಗಳಲ್ಲಿ ಕೆಲವದರಲ್ಲಿ ಪೈಪರಿನ್ ಇತ್ತು. ಇದು ಅಪರೂಪ. ಆದರೂ ಕಣ್ಣು, ಮೂತ್ರ ಗಾಢ ಹಳದಿಯಾದರೆ, ವಿಪರೀತ ಸುಸ್ತಾದರೆ ಕ್ಯಾಪ್ಸೂಲ್ ನಿಲ್ಲಿಸಿ, ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಬೇಕು.

ಸಾರಿಗೆ ಹಾಕುವ ಚಿಟಿಕೆ ಅರಿಶಿನ, ಮೆಣಸಿಗೆ ಈ ಚಿಂತೆ ಬೇಡ, ಅಲ್ಲಿ ಪ್ರಮಾಣ ಅಷ್ಟಿಲ್ಲ. ಡಬ್ಬಿ ಕೊಳ್ಳುವಾಗ ಮಾತ್ರ 95% ಎಷ್ಟು ಮಿಲಿಗ್ರಾಂ ಸಾರದಲ್ಲಿ ಅಂತ ನೋಡಿ, ಅಮ್ಮ ಇನ್ನೇನು ಮಾತ್ರೆ ತಗೊಳ್ತಾರೆ ಅಂತ ಕೇಳಿ.