ನೀರುದೋಸೆ ಎಂಟು ಪುಟಗಳಲ್ಲಿ: ಅಡುಗೆ ಕ್ಯಾರೊಸೆಲ್ ಬರೆಯುವ ಬಗೆ

ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ನೋಡುವ ಚಿತ್ರಗಳ ಸಾಲಿಗೆ ಕ್ಯಾರೊಸೆಲ್ ಎಂದು ಹೆಸರು. ಇನ್‌ಸ್ಟಾಗ್ರಾಂ 2017ರಲ್ಲಿ ಇದನ್ನು ತಂದಾಗ ಒಂದು ಪೋಸ್ಟಿಗೆ 10 ಚಿತ್ರಗಳ ಮಿತಿಯಿತ್ತು. 2024ರಲ್ಲಿ ಅದು 20ಕ್ಕೇರಿತು. ಅಡುಗೆಗೆ ಅಷ್ಟು ಬೇಕಾಗುವುದು ಅಪರೂಪ. ಕರಾವಳಿಯ ನೀರುದೋಸೆಗೆ ಎಂಟು ಪುಟ ಸಾಕು: ಮುಖಪುಟ ಒಂದು, ಸಾಮಗ್ರಿ ಒಂದು, ವಿಧಾನಕ್ಕೆ ಐದು, ಬಡಿಸುವ ಸಲಹೆಗೆ ಕೊನೆಯದು.

ಸಾಮಗ್ರಿ ಪುಟ

ಓದುಗರು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಹೆಚ್ಚಾಗಿ ಈ ಪುಟವನ್ನೇ. ಅಂಗಡಿಯಲ್ಲಿ ನಿಂತು ನೋಡುವಾಗ ಉಳಿದ ಪುಟಗಳು ಅವರ ಕೈಯಲ್ಲಿರುವುದಿಲ್ಲ. ಹಾಗಾಗಿ ತಿಂಡಿಯ ಹೆಸರು ಇಲ್ಲಿ ಇನ್ನೊಮ್ಮೆ ಬರಬೇಕು. ಸಾಮಗ್ರಿಗಳನ್ನು ಬಳಸುವ ಕ್ರಮದಲ್ಲೇ ಬರೆಯಬೇಕು:

ನೀರುದೋಸೆ (ಸುಮಾರು 10)
ಬೆಳ್ತಿಗೆ ಅಕ್ಕಿ – 1 ಲೋಟ
ತೆಂಗಿನ ತುರಿ – ಕಾಲು ಲೋಟ
ನೀರು – ಸುಮಾರು 2½ ಲೋಟ
ಉಪ್ಪು – ಮುಕ್ಕಾಲು ಚಮಚ
ಕಾವಲಿಗೆ ಎಣ್ಣೆ
ಅಕ್ಕಿ ನೆನೆಯಲು 5 ಗಂಟೆ ಬೇಕು

ಬರೀ ‘ಅಕ್ಕಿ’ ಎಂದರೆ ಸಾಲದು. ಮಂಗಳೂರಿನ ಎಷ್ಟೋ ಮನೆಗಳಲ್ಲಿ ಊಟಕ್ಕೆ ಕುಚ್ಚಲಕ್ಕಿ ಇರುತ್ತದೆ. ಈ ದೋಸೆಗೆ ಬೇಕಾದದ್ದು ಬೆಳ್ತಿಗೆ. ಬಯಲುಸೀಮೆಯವರಿಗಾಗಿ ‘ಅಥವಾ ಸೋನಾ ಮಸೂರಿ’ ಎಂದು ಸೇರಿಸಿದರೆ ಒಳ್ಳೆಯದು. ಕೊನೆಯ ಸಾಲು ನನ್ನ ಪ್ರಕಾರ ಇಡೀ ಪುಟದಲ್ಲಿ ಅತಿ ಮುಖ್ಯವಾದದ್ದು. ನೆನೆಸುವ ಹೊತ್ತನ್ನು ವಿಧಾನದ ಪುಟದಲ್ಲಷ್ಟೇ ಬರೆದರೆ, ಸಂಜೆ ಏಳಕ್ಕೆ ಅಡುಗೆಗಿಳಿದವರಿಗೆ ಅದು ತಿಳಿಯುವಷ್ಟರಲ್ಲಿ ರಾತ್ರಿಯ ಊಟ ತಪ್ಪಿರುತ್ತದೆ.

ವಿಧಾನದ ಪುಟಗಳು

ಒಂದು ಪುಟಕ್ಕೆ ಒಂದು ಹಂತ, ಅದು ಸರಿಯಾಗಿದೆಯೆಂದು ತಿಳಿಯಲು ಒಂದು ಗುರುತು. ‘ರುಚಿಕರ’, ‘ಗರಿಗರಿ’ಯಂಥ ವಿಶೇಷಣಗಳನ್ನು ಬಿಟ್ಟರೆ ಗುರುತಿಗೆ ಜಾಗ ಸಿಗುತ್ತದೆ.

ಮೂರನೆಯ ಪುಟ: ‘ಅಕ್ಕಿ ತೊಳೆದು 5 ಗಂಟೆ ನೆನೆಸಿ. ಉಗುರಿನಲ್ಲಿ ಒತ್ತಿದರೆ ಕಾಳು ಮುರಿಯಬೇಕು.’

ನಾಲ್ಕನೆಯದು: ‘ನೀರು ಬಸಿದು, ಕಾಯಿತುರಿ ಮತ್ತು ಅರ್ಧ ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ. ಬೆರಳಿಗೆ ತರಿ ಸಿಗಬಾರದು.’

ಐದನೆಯದು: ‘ಉಪ್ಪು, ಇನ್ನೂ 2 ಲೋಟ ನೀರು ಬೆರೆಸಿ. ಹಿಟ್ಟು ಹಾಲಿನಷ್ಟು ತೆಳ್ಳಗಿರಲಿ.’

ಇಲ್ಲಿ ಮಾತಿಗಿಂತ ಚಿತ್ರ ಹೆಚ್ಚು ಹೇಳುತ್ತದೆ. ಉದ್ದಿನ ದೋಸೆಯ ಹಿಟ್ಟು ನೋಡಿದ ಕಣ್ಣಿಗೆ ಇಷ್ಟು ನೀರು ತಪ್ಪೆನಿಸುತ್ತದೆ. ಹೆದರಿ ಕಡಿಮೆ ಹಾಕಿದರೆ ದೋಸೆ ದಪ್ಪವಾಗಿ, ತೂತು ಬೀಳದೆ ಗಟ್ಟಿಯಾಗುತ್ತದೆ. ಸೌಟಿನಿಂದ ಹಿಟ್ಟು ತಡೆಯಿಲ್ಲದೆ ಸುರಿಯುವ ಚಿತ್ರವನ್ನು ಹತ್ತಿರದಿಂದ ತೆಗೆದು ಹಾಕಿದರೆ ಆ ಹೆದರಿಕೆ ಹೋಗುತ್ತದೆ. ಅಲಂಕರಿಸಿದ ತಟ್ಟೆಯ ಚಿತ್ರ ಮುಖಪುಟಕ್ಕಿರಲಿ.

ಆರನೆಯದು: ‘ಕಾವಲಿ ಚೆನ್ನಾಗಿ ಕಾಯಿಸಿ ಎಣ್ಣೆ ಸವರಿ. ತಳ ಕಲಕಿ, ಹಿಟ್ಟನ್ನು ಅಂಚಿನಿಂದ ನಡುವಿಗೆ ಹೊಯ್ಯಿರಿ. ಸೌಟಿನಿಂದ ಹರಡಬೇಡಿ.’

‘ತಳ ಕಲಕಿ’ ಎಂಬ ಎರಡು ಪದ ಬಿಟ್ಟರೆ ಇಡೀ ಪಾಕವಿಧಾನ ಕೆಡುತ್ತದೆ. ತೆಳು ಹಿಟ್ಟಿನಲ್ಲಿ ಅಕ್ಕಿ ಬೇಗ ತಳ ಸೇರುವುದರಿಂದ ಮೊದಲ ದೋಸೆಗಳು ನೀರಾಗಿ ಹರಿಯುತ್ತವೆ, ಕೊನೆಯವು ದಪ್ಪಗಾಗುತ್ತವೆ. ಪ್ರತಿ ಸಲವೂ ಕಲಕಲೇಬೇಕು. ಹಿಟ್ಟು ಬಿದ್ದಾಗ ‘ಚುಂಯ್’ ಎಂದು ಸದ್ದಾಗಿ ತೂತುಗಳು ಮೂಡದಿದ್ದರೆ ಕಾವಲಿ ಕಾದಿಲ್ಲವೆಂದರ್ಥ.

ಏಳನೆಯದು: ‘ಮುಚ್ಚಿ 1 ನಿಮಿಷ ಬೇಯಿಸಿ. ಅಂಚು ತಾನಾಗಿ ಎದ್ದಾಗ ತೆಗೆಯಿರಿ. ಮಗುಚಬೇಡಿ.’

ಅಕ್ಷರ, ಅಳತೆ

ಪುಟದ ಅಳತೆಗೆ 1080 × 1350 ಪಿಕ್ಸೆಲ್ ಚೆನ್ನಾಗಿ ಹೊಂದುತ್ತದೆ. ಎಲ್ಲ ಪುಟಗಳೂ ಒಂದೇ ಅಳತೆಯಲ್ಲಿರಬೇಕು, ಇಲ್ಲದಿದ್ದರೆ ಪಕ್ಕದ ಬರಹ ಕತ್ತರಿಸಿಹೋಗುವ ಸಂಭವವುಂಟು. ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ‘ಅಕ್ಕಿ’, ‘ಉಪ್ಪು’ಗಳೇ ಓದಲು ಕಷ್ಟ. ಒಲೆಯ ಮುಂದೆ ನಿಂತವರು ಫೋನನ್ನು ಕೈಯಳತೆಯ ದೂರದಲ್ಲಿಟ್ಟಿರುತ್ತಾರೆ. ಆ ದೂರದಿಂದ ಕಾಣದ ಅಕ್ಷರ ಚಿಕ್ಕದಾಯಿತೆಂದೇ ತಿಳಿಯಬೇಕು.

ಕೊನೆಯ ಪುಟ

ಬಡಿಸುವ ಸಲಹೆ ಎಂದರೆ ‘ಬಿಸಿಬಿಸಿಯಾಗಿ ಸವಿಯಿರಿ’ ಎಂಬುದಲ್ಲ. ಈ ತಿಂಡಿಗೆ ಮಾತ್ರ ಅನ್ವಯಿಸುವ ಮಾತು ಅಲ್ಲಿರಬೇಕು: ‘ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಹೇರದೆ ಬಿಸಿ ಆರಲು ಬಿಡಿ; ಅಂಟುವುದಿಲ್ಲ. ಕಾಯಿ-ಬೆಲ್ಲ ಅಥವಾ ಕೋರಿ ಗಸಿಯ ಜೊತೆ ಬಡಿಸಿ.’

ಅಕ್ಕಿ ಹಳೆಯದಾದರೆ ನೀರು ಹೆಚ್ಚು ಎಳೆಯುತ್ತದೆ, ಹೊಸದಾದರೆ ಕಡಿಮೆ ಸಾಕು. ದೋಸೆ ಏಳದೆ ಹರಿದರೆ ಒಂದೆರಡು ಚಮಚ ಅಕ್ಕಿಹಿಟ್ಟು ಬೆರೆಸಬಹುದು. ದಪ್ಪವಾದರೆ ಸ್ವಲ್ಪ ನೀರು ಸೇರಿಸಬೇಕು. ಇಂಥ ಪರಿಹಾರಗಳನ್ನು ಪುಟಗಳಿಗೆ ತುರುಕದೆ, ಪೋಸ್ಟಿನ ಕೆಳಗಿನ ಟಿಪ್ಪಣಿಯಲ್ಲಿ ಬರೆಯುವುದು ವಾಸಿ.